ಕ್ಷಯ ಚಿಕಿತ್ಸೆಯ ಕರಪತ್ರ: ದೂರು ಎಲ್ಲಿ ಅಡಗಿ ಕೂರುತ್ತದೆ

ಅಭ್ಯಾಸಕ್ಕೆ ತೆಗೆದುಕೊಂಡದ್ದು ಕ್ಷಯದ ಚಿಕಿತ್ಸೆಯನ್ನು ಪೂರ್ಣಗೊಳಿಸಿ ಎಂದು ಹೇಳುವ ಒಂದು ಇಂಗ್ಲಿಷ್ ಕರಪತ್ರ. ಅದನ್ನು ಮಲೆನಾಡಿನ ಓದುಗರಿಗಾಗಿ ಕನ್ನಡಕ್ಕೆ ತರಬೇಕು. ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯಲು ಹೋಗುವ ಒಬ್ಬ ಹೆಂಗಸನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಅವಳ ತೂಕ 42 ಕಿಲೋ, ಆದ್ದರಿಂದ ದಿನಕ್ಕೆ ಮೂರು ಮಾತ್ರೆ. ಚಿಕಿತ್ಸೆಗೆ ಎರಡನೇ ತಿಂಗಳು ನಡೆಯುತ್ತಿದೆ.

ಕಾಯಿಲೆಯ ಲೆಕ್ಕ

ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಉಳಿದ ನಾಲ್ಕು ತಿಂಗಳು ಮೂರು. ಇವು ಒಂದೇ ಮಾತ್ರೆಯೊಳಗೆ ಸೇರಿರುತ್ತವೆ. ದಿನಕ್ಕೆ ಎಷ್ಟು ಮಾತ್ರೆ ಎಂಬುದನ್ನು ದೇಹದ ತೂಕ ನಿರ್ಧರಿಸುತ್ತದೆ. ಬೇಗ ಬೇಗ ಹೆಚ್ಚುವ ರೋಗಾಣುಗಳು ಮೊದಲ ವಾರಗಳಲ್ಲೇ ಸಾಯುತ್ತವೆ. ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಊಟ ಸೇರುತ್ತದೆ. ಆದರೆ ನಿಧಾನವಾಗಿ ಬದುಕುವ ರೋಗಾಣುಗಳು ಒಳಗೆ ಉಳಿದಿರುತ್ತವೆ, ಅವುಗಳಿಗಾಗಿಯೇ ಉಳಿದ ತಿಂಗಳುಗಳು. ಹೀಗಾಗಿ ಮಾತ್ರೆ ನಿಲ್ಲುವ ಅಪಾಯ ಹೆಚ್ಚಾಗಿರುವುದು ಮೈ ಹಗುರವಾದಾಗ. ಕರಪತ್ರದ ಮಾತು ಆ ಹೊತ್ತಿಗೆ ತಲುಪಬೇಕು.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ ವಾಕ್ಯ

ಮೂಲದಲ್ಲಿರುವ ಮುಖ್ಯ ವಾಕ್ಯವನ್ನು ನೇರವಾಗಿ ಇಳಿಸಿದರೆ ಹೀಗಾಗುತ್ತದೆ: “ನೀವು ಮಾತ್ರೆಗಳನ್ನು ಅರ್ಧಕ್ಕೆ ಬಿಟ್ಟರೆ ನಿಮ್ಮ ಕುಟುಂಬವನ್ನು ಅಪಾಯಕ್ಕೆ ಒಡ್ಡುತ್ತೀರಿ.” ವಿಷಯದಲ್ಲಿ ಸುಳ್ಳಿಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ. ಇದನ್ನು ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿದರೂ ಮೂಲವೇ ಸಿಗುತ್ತದೆ. ಮರು ಅನುವಾದದ ಪರೀಕ್ಷೆ ಅರ್ಥವನ್ನಷ್ಟೇ ಅಳೆಯುತ್ತದೆ, ದನಿಯನ್ನಲ್ಲ. ಮೂರು ದಿನ ಮಾತ್ರೆ ತೆಗೆದುಕೊಳ್ಳದೆ ಕುಳಿತಿರುವವಳು ಇದನ್ನು ಓದಿದರೆ ಅವಳಿಗೆ ಕೇಳಿಸುವುದು ತೀರ್ಪು. ತೀರ್ಪು ಬಂದ ಮೇಲೆ ಆಶಾ ಕಾರ್ಯಕರ್ತೆಯ ಮುಖ ನೋಡಲು ಯಾರಿಗೆ ಮನಸ್ಸಾಗುತ್ತದೆ? ಮೂರು ದಿನ ಮೂರು ವಾರವಾಗುವುದು ಇಲ್ಲಿಂದಲೇ.

ದೂರು ಎಲ್ಲಿದೆ ಎಂದು ಹುಡುಕಿದರೆ ಮೂರು ಕಡೆ ಸಿಗುತ್ತದೆ. ಒಂದು, “ನೀವು”. ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಬೇಕೇ ಬೇಕು; ಕನ್ನಡದಲ್ಲಿ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ಹಾಗಿದ್ದೂ “ನೀವು” ಎಂದು ಹೇಳಿದರೆ ಬೆರಳು ತೋರಿಸಿದ ಹಾಗಾಗುತ್ತದೆ. ಎರಡು, “ಬಿಟ್ಟರೆ”. ಬೇಕೆಂದೇ ಬಿಟ್ಟಳು ಎಂಬ ಊಹೆ ಅದರೊಳಗೆ ಬಂದುಬಿಡುತ್ತದೆ. ಮೂರು, ಅಪಾಯಕ್ಕೆ ಒಡ್ಡುವ ಕೆಲಸದ ಕರ್ತೃ ಕಾಯಿಲೆಯಾಗದೆ ಕಾಯಿಲೆಯವಳೇ ಆಗಿರುವುದು.

“ನೀವು” ತೆಗೆಯುವುದು ಸುಲಭ. ಕಷ್ಟವಾದದ್ದು “ಬಿಟ್ಟರೆ”. ಅದನ್ನು “ತೆಗೆದುಕೊಳ್ಳದಿದ್ದರೆ” ಎಂದು ಬದಲಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ನಿರಾಕರಣೆಯ ಛಾಯೆ ಹೋಗುವುದಿಲ್ಲ. “ತೆಗೆದುಕೊಳ್ಳಲು ಆಗದಿದ್ದರೆ” ಎಂದ ಕೂಡಲೇ ವಾಕ್ಯ ಬೇರೆ ಕಡೆಗೆ ತಿರುಗುತ್ತದೆ. ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಜಾಗ ಸಿಗುತ್ತದೆ, ಉತ್ತರ ಹೊರಗಿನ ಸಂಗತಿಗಳಲ್ಲಿ ಇರಬಹುದು ಎಂದು ಓದುಗಳಿಗೆ ತಿಳಿಯುತ್ತದೆ. ಬೆಳಕು ಹರಿಯುವ ಮೊದಲೇ ಸುಲಿಯಲು ಕುಳಿತದ್ದು, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ವಾಂತಿಯಾದದ್ದು, ಮಳೆಗೆ ರಸ್ತೆ ಬಂದ್ ಆಗಿ ಆಸ್ಪತ್ರೆಗೆ ಹೋಗಲಾಗದ್ದು. ಇವು ನಮ್ಮ ಕಡೆಯ ನಿಜವಾದ ಕಾರಣಗಳು. ಹಾಗಾಗಿ ನಾನು ಇಟ್ಟುಕೊಂಡಿರುವ ಉಪಾಯ ಇದು: ರೋಗಿಯ ಬಗ್ಗೆ “-ದಿದ್ದರೆ” ಎಂದು ಬರುವ ಪ್ರತಿ ಜಾಗದಲ್ಲೂ “ಆಗದಿದ್ದರೆ” ಇಟ್ಟು ಜೋರಾಗಿ ಓದಿ ನೋಡುವುದು. “ಪರೀಕ್ಷೆಗೆ ಬಾರದಿದ್ದರೆ” ಎನ್ನುವುದು “ಪರೀಕ್ಷೆಗೆ ಬರಲು ಆಗದಿದ್ದರೆ” ಆಗುತ್ತದೆ. “ತೊಂದರೆಯನ್ನು ಹೇಳದಿದ್ದರೆ” ಎನ್ನುವುದು “ಹೇಳಲು ಆಗದಿದ್ದರೆ” ಆಗುತ್ತದೆ, ಆಗ ಹೇಳಲು ಸಂಕೋಚ ಏಕೆ ಎಂದು ನಾವೇ ಯೋಚಿಸಬೇಕಾಗುತ್ತದೆ.

ಇದೇ ಕಾರಣಕ್ಕೆ “ಮಾತ್ರೆ ಬಿಟ್ಟವರು”, “ಚಿಕಿತ್ಸೆ ಪೂರ್ಣಗೊಳಿಸದವರು” ಎಂಬ ರೂಪಗಳನ್ನು ದೂರ ಇಡುತ್ತೇನೆ. ಒಂದು ವಾರದ ಘಟನೆಯನ್ನು ಅವು ಮನುಷ್ಯರ ಹೆಸರನ್ನಾಗಿ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2013ರ ತನ್ನ ವ್ಯಾಖ್ಯೆಗಳಲ್ಲಿ ‘ಡಿಫಾಲ್ಟ್’ ಎಂಬುದನ್ನು ಕೈಬಿಟ್ಟು, ಸಂಪರ್ಕ ತಪ್ಪಿದೆ ಎಂಬ ಅರ್ಥದ ಮಾತನ್ನು ತಂದಿತು.

ಒಂದು ಎಚ್ಚರ. “ಆಗದಿದ್ದರೆ” ಎಂದು ಎಲ್ಲ ಕಡೆ ಹಾಕಿದರೆ ಮಾತ್ರೆ ನಿಂತರೂ ಪರವಾಗಿಲ್ಲ ಎಂಬ ಅರ್ಥ ಬರುತ್ತದೆ. ಅದು ದೂರಿಗಿಂತ ಕೆಟ್ಟದ್ದು. ಮಾತ್ರೆ ಆಗಾಗ ತಪ್ಪಿದರೆ ಕಾಯಿಲೆ ಮರಳಬಹುದು, ರೋಗಾಣು ಔಷಧಿಗೆ ಬಗ್ಗದಂತಾಗಬಹುದು; ಆಗ ಚಿಕಿತ್ಸೆ ಹೆಚ್ಚು ಕಠಿಣ. ಇದನ್ನು ಮುಚ್ಚಿಡಬಾರದು. ಕರ್ತೃವನ್ನು ಬದಲಿಸಿದರೆ ಸಾಕು: “ಮಾತ್ರೆ ನಡುವೆ ನಿಂತರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತಾಗಬಹುದು.” ಇಲ್ಲಿ ಕೆಡುಕು ಮಾಡುವುದು ರೋಗಾಣು. ಸತ್ಯ ಪೂರ್ತಿ ಉಳಿಯಿತು.

ಕುಟುಂಬದ ಮಾತು

ಮನೆಯವರನ್ನು ಮುಂದಿಟ್ಟು ಹೆದರಿಸುವ ಸಾಲನ್ನು ತಿರುಗಿಸಬಹುದು, ಏಕೆಂದರೆ ವೈದ್ಯಶಾಸ್ತ್ರವೇ ಅದಕ್ಕೆ ಆಧಾರ ಕೊಡುತ್ತದೆ. ಸರಿಯಾದ ಔಷಧಿ ಶುರುವಾದ ಮೇಲೆ ಸಾಮಾನ್ಯ ಕ್ಷಯ ಹರಡುವುದು ಬೇಗ ಕಡಿಮೆಯಾಗುತ್ತದೆ. ಆದ್ದರಿಂದ “ದಿನದ ಮಾತ್ರೆ ಮನೆಯವರನ್ನೂ ಕಾಯುತ್ತದೆ” ಎಂದರೆ ಅದು ಬರಿಯ ಸಮಾಧಾನವಲ್ಲ, ನಿಜ. ತಟ್ಟೆ ಲೋಟ ಬೇರೆ ಇಡುವ ಮನೆಗಳಲ್ಲಿ ಈ ಸಾಲಿಗೆ ಇನ್ನೂ ಹೆಚ್ಚಿನ ಕೆಲಸವಿದೆ. ಪಾತ್ರೆಯಿಂದ ಕ್ಷಯ ಹರಡುವುದಿಲ್ಲ, ಅದು ಕೆಮ್ಮಿನೊಂದಿಗೆ ಗಾಳಿಗೆ ಬರುವ ರೋಗಾಣುವಿನಿಂದ ಹರಡುತ್ತದೆ.

ಸುಲಿಯುವ ಹೆಂಗಸಿಗೆ ಬರೆದದ್ದು

ಎಲ್ಲವನ್ನೂ ಸೇರಿಸಿ ಕಟ್ಟಿದ ಪಠ್ಯ:

“ಮೈ ಹಗುರವಾಗಿದೆಯೇ? ಮಾತ್ರೆ ಕೆಲಸ ಮಾಡುತ್ತಿದೆ. ಒಳಗೆ ಇನ್ನೂ ರೋಗಾಣು ಉಳಿದಿದೆ, ಅದಕ್ಕೆ ಆರು ತಿಂಗಳು ಬೇಕು. ಮಾತ್ರೆ ನಡುವೆ ನಿಂತರೆ ಆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಸುಲಿತದ ಗಡಿಬಿಡಿಗೋ, ಮಳೆಗೋ, ಹೊಟ್ಟೆ ತೊಳಸಿಯೋ ಒಂದೆರಡು ದಿನ ತೆಗೆದುಕೊಳ್ಳಲು ಆಗದಿದ್ದರೆ ತಡಮಾಡದೆ ಆಶಾ ಅಕ್ಕನಿಗೆ ಹೇಳಿ. ತಪ್ಪಿದ ಮಾತ್ರೆಗಳನ್ನು ಒಟ್ಟಿಗೆ ನುಂಗುವುದು ಬೇಡ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಿಕೆ ಬೇಡ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ನೋಟ ಮಂಜಾದರೆ ಅಂದೇ ಆಸ್ಪತ್ರೆಗೆ ಬನ್ನಿ.”

“ಬೇಡ” ಇಲ್ಲಿ ಎರಡು ಸಲ ಬಂದಿದೆ, ಎರಡೂ ಬೇಕೆಂದೇ ಉಳಿಸಿದ್ದು. ಬೈಸಿಕೊಂಡವರು ಲೆಕ್ಕ ಸರಿಮಾಡಲು ನಾಳಿನ ಮಾತ್ರೆಯನ್ನೂ ಸೇರಿಸಿ ನುಂಗುವ ಸಾಧ್ಯತೆ ಇದೆ. ಬಣ್ಣ ನೋಡಿ ಗಾಬರಿಯಾಗಿ ನಿಲ್ಲಿಸುವುದೂ ಉಂಟು.

ಪರೀಕ್ಷಿಸುವಾಗ “ಅರ್ಥವಾಯಿತೇ” ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. “ಮೂರು ದಿನ ಮಾತ್ರೆ ತಪ್ಪಿದವಳ ಕೈಗೆ ಈ ಕಾಗದ ಸಿಕ್ಕರೆ ಅವಳು ನಾಳೆ ಏನು ಮಾಡುತ್ತಾಳೆ?” ಎಂದು ಕೇಳಬೇಕು. “ಮುಚ್ಚಿಡುತ್ತಾಳೆ” ಎಂಬ ಉತ್ತರ ಬಂದರೆ ದೂರು ಇನ್ನೂ ಎಲ್ಲೋ ಇದೆ. “ಆಶಾ ಅಕ್ಕನಿಗೆ ಫೋನ್ ಮಾಡುತ್ತಾಳೆ” ಎಂದರೆ ಪಠ್ಯ ಮುದ್ರಣಕ್ಕೆ ಹೋಗಬಹುದು.

ಉಳಿದದ್ದು ಚಿಕ್ಕದು. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಡಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಇದೆ. ಅದನ್ನು ಮಾತ್ರೆ ತಿಂದದ್ದಕ್ಕೆ ಬಹುಮಾನ ಎಂಬಂತೆ ಬರೆಯಬಾರದು, ಚಿಕಿತ್ಸೆಯ ಭಾಗವೆಂದೇ ಬರೆಯಬೇಕು. ರಾಷ್ಟ್ರೀಯ ಸಹಾಯವಾಣಿ 1800-11-6666 ಕೆಳಗಿರಲಿ. ಅದರ ಮೇಲೆ ಆಶಾ ಕಾರ್ಯಕರ್ತೆ ತನ್ನ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಕೈಯಲ್ಲಿ ಬರೆಯುವಷ್ಟು ಖಾಲಿ ಜಾಗ ಬಿಡಬೇಕು.