ಸೆಲ್ ಸೋರಿದ ಟಾರ್ಚ್: ಪುಡಿ ಒರೆಸಿದ ಮೇಲೂ ಬೆಳಕು ಮಂಕಾಗಿದ್ದರೆ

ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ತೊಗರಿ ಹೊಲದ ಶೆಡ್ಡಿನ ತಗಡಿನ ಪೆಟ್ಟಿಗೆಯಲ್ಲಿ ಟಾರ್ಚ್ ಇಟ್ಟು ಮರೆತರೆ, ಒಳಗಿನ ಸೆಲ್ ಸೋರೋದೂ ಅಷ್ಟೇ ಮಾಮೂಲು. ಸೆಲ್ ಖಾಲಿಯಾಗುತ್ತಾ ಒಳಗೆ ಗ್ಯಾಸ್ ಹುಟ್ಟುತ್ತದೆ, ಒತ್ತಡಕ್ಕೆ ಸೀಲ್ ಬಿಡುತ್ತದೆ. ಬಿಸಿ ಅದನ್ನು ಬೇಗ ಮಾಡಿಸುತ್ತದೆ.

ಉದಾಹರಣೆಗೆ, ಎರಡು ದಪ್ಪ ಸೆಲ್ಲಿನ ಲೋಹದ ಟಾರ್ಚ್ ತಗೊಳ್ಳೋಣ. ಹಿಂದಿನ ಮುಚ್ಚಳದ ಸ್ಪ್ರಿಂಗ್ ಮೇಲೆ ಬಿಳಿ ಪುಡಿ, ಅಂಚಿನಲ್ಲಿ ಹಸಿರು ಕಲೆ.

ಮೊದಲು ಸೆಲ್ಲಿನ ಮೇಲಿನ ಬರಹ ಓದಿ. ಯಾವುದರಿಂದ ಕ್ಲೀನ್ ಮಾಡಬೇಕು ಅನ್ನೋದು ಅದರ ಮೇಲೇ ನಿಂತಿದೆ. ಅಲ್ಕಲೈನ್ ಎಂದಿದ್ದರೆ ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಬಿಳಿ ಪುಡಿಯಾಗುತ್ತದೆ. ಇದಕ್ಕೆ ವಿನೆಗರ್ ಅಥವಾ ನಿಂಬೆರಸ. ಅಗ್ಗದ ಜಿಂಕ್-ಕಾರ್ಬನ್ ಸೆಲ್ಲಿನ ರಸ ತುಸು ಆಮ್ಲೀಯ, ಅದಕ್ಕೆ ಅಡಿಗೆ ಸೋಡಾ ಕಲಸಿದ ನೀರು.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಪುಡಿಯನ್ನು ಬಾಯಿಂದ ಊದಬೇಡಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಸೀದಾ ಡಾಕ್ಟರ್ ಹತ್ತಿರ ಹೋಗಿ. ಸೆಲ್ ಒಳಗೇ ಅಂಟಿಕೊಂಡಿದ್ದರೆ ಟಾರ್ಚನ್ನು ಮರದ ಮೇಲೆ ಮೆಲ್ಲಗೆ ತಟ್ಟಿ. ಬಿಸಿ ಮಾಡೋದು, ಚುಚ್ಚೋದು ಬೇಡವೇ ಬೇಡ.

ನಮ್ಮದು ಅಲ್ಕಲೈನ್ ಅಂದುಕೊಳ್ಳಿ. ಒಣ ಬ್ರಷ್‌ನಿಂದ ಪುಡಿ ಉದುರಿಸಿ, ಹತ್ತಿಯಲ್ಲಿ ಸ್ವಲ್ಪವೇ ವಿನೆಗರ್ ತಗೊಂಡು ಸ್ಪ್ರಿಂಗಿಗೆ ಹಚ್ಚಿ. ಸಣ್ಣ ಗುಳ್ಳೆ ಏಳುತ್ತವೆ. ಏಳೋದು ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ವಿನೆಗರ್ ಅಲ್ಲೇ ಉಳಿದರೆ ಅದೂ ಲೋಹ ತಿನ್ನುತ್ತದೆ.

ಹೊಸ ಸೆಲ್ ಹಾಕಿದಿರಿ, ಆದರೂ ಬೆಳಕು ಮಂಕು. ಬಹಳ ಜನ ಇಲ್ಲಿ ಸ್ಪ್ರಿಂಗನ್ನೇ ಮತ್ತೆ ಮತ್ತೆ ಉಜ್ಜುತ್ತಾರೆ. ಸುಮ್ನೆ ಉಜ್ಜೋ ಬದಲು ದೋಷ ಎಲ್ಲಿದೆ ಅಂತ ನೋಡಿ. ಮುಚ್ಚಳ ತೆಗೆದು ಸ್ವಿಚ್ ಆನ್ ಮಾಡಿ. ಹಿಂದಿನ ಸೆಲ್ಲನ್ನು ಬೆರಳಿಂದ ಒಳಕ್ಕೆ ಒತ್ತಿ ಹಿಡಿದು, ಎರಡೂ ತುದಿ ಸುಲಿದ ವೈರ್ ತುಂಡಿನ ಒಂದು ತುದಿಯನ್ನು ಸೆಲ್ಲಿನ ತಳಕ್ಕೆ, ಇನ್ನೊಂದನ್ನು ಕೊಳವೆಯ ಬಣ್ಣವಿಲ್ಲದ ಅಂಚಿಗೆ ಮುಟ್ಟಿಸಿ. ಬೆಳಕು ಜೋರಾಗಿ ಬಂದರೆ ತಪ್ಪು ಮುಚ್ಚಳದ ಕಡೆಯೇ ಇದೆ. ಆಗಲೂ ಮಂಕಾಗಿದ್ದರೆ ಸ್ವಿಚ್ ಅಥವಾ ಬಲ್ಬಿನ ಕಡೆಯ ಲೋಹದ ಪಟ್ಟಿ ನೋಡಬೇಕು.

ಮುಚ್ಚಳದ ಕಡೆ ಎಂದರೆ ಬರೀ ಸ್ಪ್ರಿಂಗ್ ಅಲ್ಲ. ಲೋಹದ ಟಾರ್ಚಿನಲ್ಲಿ ಕರೆಂಟು ಸ್ಪ್ರಿಂಗಿನಿಂದ ಮುಚ್ಚಳಕ್ಕೆ, ಅಲ್ಲಿಂದ ತಿರುಪಿನ ಗೆರೆಗಳ ಮೂಲಕ ಕೊಳವೆಗೆ ಹೋಗುತ್ತದೆ. ಆ ಗೆರೆಗಳ ಸಂದಿಯಲ್ಲಿ ಕೂತ ಬೂದಿ ಬಣ್ಣದ ಪದರ ಕಣ್ಣಿಗೆ ಬೀಳೋದೇ ಇಲ್ಲ. ಹಳೆ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ ಸಾಕು. ಸ್ಪ್ರಿಂಗ್ ಬುಡ ಮುಚ್ಚಳಕ್ಕೆ ತಾಗುವ ಜಾಗವನ್ನೂ ಬಿಡಬೇಡಿ.

ಸ್ಪ್ರಿಂಗ್ ಕುಗ್ಗಿದ್ದರೆ ಸ್ವಲ್ಪ ಎಳೆದು ಉದ್ದ ಮಾಡಿ. ಮುಚ್ಚಳ ತಿರುಗಿಸುವಾಗ ಕೊನೆಯ ಸುತ್ತುಗಳಲ್ಲಿ ಒತ್ತಡ ಕೈಗೆ ಗೊತ್ತಾಗಬೇಕು, ಅಲುಗಾಡಿಸಿದರೆ ಬೆಳಕು ಮಿಣುಕಬಾರದು. ಕಲೆ ಹೋಗದಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಮರಳು ಕಾಗದ ಕೊನೆಗೆ ಮಾತ್ರ. ಅದು ಮೇಲಿನ ತೆಳು ನಿಕಲ್ ಪದರವನ್ನೇ ಕಿತ್ತರೆ ಅಡಿಯ ಉಕ್ಕು ತುಕ್ಕು ಹಿಡಿಯುತ್ತದೆ. ಸ್ಪ್ರಿಂಗ್ ತಂತಿಯೇ ತೆಳ್ಳಗಾಗಿದ್ದರೆ ಅಂಥದ್ದೇ ಇನ್ನೊಂದು ಸ್ಪ್ರಿಂಗ್ ಹಾಕಿ.