ಯೋನನ ಕಥೆಗೆ ಪ್ರಾಸ ಕಟ್ಟಿದ್ದು ಹೀಗೆ

ಬೀದರಿನ ಒಂದು ಸಂಡೇ ಸ್ಕೂಲಿನವರು ಐದರಿಂದ ಏಳು ವರ್ಷದ ಮಕ್ಕಳಿಗೆ, ದೇವರು ನಿನೆವೆ ಊರಿಗೆ ಹೋಗು ಅಂದರೂ ಬೇರೆ ಕಡೆಗೆ ಓಡಿ ಮೀನಿನ ಹೊಟ್ಟೆ ಸೇರಿದ ಬೈಬಲಿನ ಯೋನನ ಕಥೆಯನ್ನು ಪ್ರಾಸದಲ್ಲಿ ಬರೆದುಕೊಡಿ ಅಂದಾಗ ಮೊದಲ ಕರಡನ್ನು ನಾನು ಎರಡೇ ದಿನದಲ್ಲಿ ಮುಗಿಸಿದೆ. ಅಷ್ಟು ಬೇಗ ಮುಗಿಯಿತು ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಅದು ಹೀಗಿತ್ತು:

ಹಡಗನು ಯೋನ ಹತ್ತಿದನು
ಒಳಗಡೆ ಹೋಗಿ ಮಲಗಿದನು
ಎಲ್ಲರು ಅವನನು ಹುಡುಕಿದರು
ಸಮುದ್ರದೊಳಗೆ ಎಸೆದರು

ಕಾಗದದ ಮೇಲೆ ನೋಡಿದರೆ ಪ್ರಾಸ ಇದೆ. ಆದರೆ ಇಲ್ಲಿ ಕೂಡಿಕೊಂಡಿರುವುದು ಬರೀ ಪ್ರತ್ಯಯ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಹಾಗಾಗಿ ದನು-ದನು, ದರು-ದರು ಅಂತ ಎಷ್ಟು ಸಾಲು ಬೇಕಾದರೂ ಸುಮ್ನೆ ಉದುರುತ್ತವೆ. ಮಗುವಿನ ಕಿವಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಜೋರಾಗಿ ಓದುತ್ತಾ ಎರಡನೇ ಸಾಲಿನ ಕೊನೆಯ ಪದಕ್ಕೆ ಮುಂಚೆ ನಿಲ್ಲಿಸಿ. ಪ್ರಾಸ ಗಟ್ಟಿಯಾಗಿದ್ದರೆ ಮಕ್ಕಳು ಆ ಪದವನ್ನು ತಾವೇ ಹೇಳುತ್ತಾರೆ. ‘ಒಳಗಡೆ ಹೋಗಿ...’ ಅಂತ ನಾನು ನಿಲ್ಲಿಸಿದಾಗ ಒಬ್ಬ ‘ಕುಂತ’ ಅಂದ, ಒಬ್ಬಳು ‘ಉಂಡ’ ಅಂದಳು. ಪ್ರತ್ಯಯದ ಹಿಂದಿನ ಅಕ್ಷರವೂ ಕೂಡಬೇಕು. ಹತ್ತಿದ-ಮಲಗಿದ ಸಾಲದು, ಓಡಿದ-ನೋಡಿದ ಆಗಬೇಕು.

ಅದಕ್ಕಿಂತ ದೊಡ್ಡ ತಪ್ಪು ಕಥೆಯಲ್ಲಿತ್ತು. ಬೈಬಲಿನಲ್ಲಿ ಬಿರುಗಾಳಿ ನಿಲ್ಲಲು ತನ್ನನ್ನು ಎತ್ತಿ ಸಮುದ್ರಕ್ಕೆ ಹಾಕಿ ಅಂತ ಹೇಳುವವನು ಯೋನನೇ. ನಾವಿಕರು ಅದಕ್ಕೆ ಒಪ್ಪದೆ, ದಡಕ್ಕೆ ಹೋಗಲು ಮೊದಲು ಹುಟ್ಟು ಹಾಕಿ ನೋಡುತ್ತಾರೆ. ಪ್ರಾಸದ ಆತುರದಲ್ಲಿ ನಾನು ಒಳ್ಳೆಯ ಜನರನ್ನು ಕೆಟ್ಟವರನ್ನಾಗಿ ಮಾಡಿದ್ದೆ. ಧರ್ಮಗ್ರಂಥದ ಕಥೆಯಲ್ಲಿ ಇದು ಸಣ್ಣ ತಪ್ಪಲ್ಲ. ಮಗು ಮೊದಲು ಕೇಳಿದ ರೂಪವೇ ಅದರ ತಲೆಯಲ್ಲಿ ಉಳಿಯುತ್ತದೆ.

ಹಾಗಾಗಿ ಪದ್ಯವನ್ನು ಪಕ್ಕಕ್ಕಿಟ್ಟು ಪುಟಗಳನ್ನು ಎಣಿಸಲು ಕೂತೆ. 24 ಪುಟದ ಪುಸ್ತಕದಲ್ಲಿ ಮೊದಲ ಪುಟ ಹೆಸರಿಗೆ, ಕೊನೆಯದು ಮುದ್ರಣದ ವಿವರಕ್ಕೆ ಹೋದರೆ ಎದುರುಬದುರು ಪುಟಗಳ 11 ಜೋಡಿ ಉಳಿಯುತ್ತವೆ. ಯೋನನ ಪುಸ್ತಕದಲ್ಲಿ 4 ಅಧ್ಯಾಯ, 48 ವಚನ. ಮಕ್ಕಳಿಗೆ ಹೇಳುವಾಗ ಹೆಚ್ಚಿನವರು ಮೀನು ಯೋನನನ್ನು ದಡಕ್ಕೆ ಕಾರಿದ ಕೂಡಲೇ ಕಥೆ ಮುಗಿಸಿಬಿಡುತ್ತಾರೆ. ಆದರೆ ಅದು ಎರಡನೇ ಅಧ್ಯಾಯದ ಕೊನೆ, ಇನ್ನೂ ಅರ್ಧ ಕಥೆ ಬಾಕಿ ಇದೆ. ನಾನು ಮೊದಲ ಅಧ್ಯಾಯಕ್ಕೆ ನಾಲ್ಕು ಜೋಡಿ, ಮೀನಿಗೆ ಎರಡು, ನಿನೆವೆಗೆ ಎರಡು, ಸೋರೆಬಳ್ಳಿಗೂ ದೇವರ ಪ್ರಶ್ನೆಗೂ ಮೂರು ಅಂತ ಇಟ್ಟೆ.

ಹೀಗೆ ಹಂಚುವಾಗ ಮೂಲವನ್ನು ಮತ್ತೆ ಮತ್ತೆ ಓದಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ‘ಎದ್ದು ನಿನೆವೆಗೆ ಹೋಗು’ ಅನ್ನುವ ಮಾತು ಎರಡು ಸಲ ಬರುತ್ತದೆ, ಒಂದು ಮೊದಲ ಅಧ್ಯಾಯದಲ್ಲಿ, ಇನ್ನೊಂದು ಮೂರನೆಯದರಲ್ಲಿ. ಮೊದಲ ಸಲ ಯೋನ ಎದ್ದು ಓಡಿಹೋಗುತ್ತಾನೆ, ಎರಡನೇ ಸಲ ಎದ್ದು ಹೋಗುತ್ತಾನೆ. ಪಲ್ಲವಿ ಅಲ್ಲೇ ಇತ್ತು, ನಾನು ಹುಟ್ಟಿಸಬೇಕಾಗಿರಲಿಲ್ಲ. ‘ಯೋನ’ ಅನ್ನುವುದು ಮೂರು ಮಾತ್ರೆ. ‘ನಿನೆವೆ’ ಕೂಡ ಮೂರು. ಹಾಗಾಗಿ ಮೂರು ಮಾತ್ರೆಯ ನಡೆಯನ್ನೇ ಹಿಡಿದೆ.

ಏಳು ಯೋನ, ಹೋಗು ಯೋನ, ದೂರ ನಿನೆವೆ ಊರಿಗೆ
ಯೋನ ಎದ್ದ, ಯೋನ ಓಡಿ ಹೋದ ಬೇರೆ ದಾರಿಗೆ

ಚಪ್ಪಾಳೆ ತಟ್ಟಿ ನೋಡಿ. ಒಂದೊಂದು ಸಾಲಿಗೆ ಮೂರರ ಏಳು ಗಣ, ಕೊನೆಗೊಂದು ಲಘು. ಎರಡನೇ ಸಲ ಬಂದಾಗ ಮೊದಲ ಸಾಲು ಹಾಗೇ ಇರುತ್ತದೆ, ಬದಲಾಗುವುದು ಯೋನ ಮಾತ್ರ: ‘ಯೋನ ಎದ್ದ, ಯೋನ ನಡೆದ ಹೇಳಿದಂಥ ದಾರಿಗೆ.’ ‘ಓಡಿ’ ಇದ್ದ ಜಾಗದಲ್ಲಿ ‘ನಡೆದ’. ಅವನು ಬದಲಾದ ಅಂತ ಬಿಡಿಸಿ ಹೇಳುವ ಕೆಲಸವೇ ಇಲ್ಲ.

ನಾವಿಕರಿದ್ದ ಪುಟವೂ ಅದೇ ನಡೆಗೆ ಸರಿಹೋಯಿತು:

ದೊಡ್ಡ ಗಾಳಿ, ದೊಡ್ಡ ಅಲೆಯು, ಹಡಗು ನಿಲ್ಲಲಿಲ್ಲ
ಯೋನ ಒಳಗೆ ಮಲಗಿಬಿಟ್ಟ, ಅವಗೆ ಗೊತ್ತೆ ಇಲ್ಲ

‘ಅವಗೆ’ ಹಳೆಯ ಮಾತಾಯಿತು ಅಂತ ಬೆಂಗಳೂರಿನ ಸ್ನೇಹಿತರೊಬ್ಬರು ಹೇಳಿದರು. ನಮ್ಮ ಕಡೆ ಮಕ್ಕಳು ದಿನಾ ‘ಅವಗ’ ಅನ್ನುತ್ತಾರೆ. ಅದನ್ನು ಉಳಿಸಿಕೊಂಡೆ.

ಈ ಭಾಗದ ಉಚ್ಚಾರ ಪ್ರಾಸವನ್ನು ಮುರಿಯುವುದೂ ಉಂಟು. ಮೀನಿನ ಪುಟದಲ್ಲಿ ‘ಹೊಟ್ಟೆ’ಗೆ ‘ಕೂಗಿಬಿಟ್ಟೆ’ ಜೋಡಿಸಿದ್ದೆ. ಬರಹದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಓದಿದ ಟೀಚರಮ್ಮ ‘ಹೊಟ್ಟಿ’ ಅಂದರು. ಇಲ್ಲಿ ಮನೆ ಮನಿ ಆಗುತ್ತದೆ, ಹೊಟ್ಟೆ ಹೊಟ್ಟಿ ಆಗುತ್ತದೆ, ಆದರೆ ‘ಬಿಟ್ಟೆ’ ಅನ್ನುವ ಕ್ರಿಯಾಪದ ಹಾಗೆ ಬದಲಾಗುವುದಿಲ್ಲ. ಪ್ರಾಸ ಹೋಯಿತು. ಆಮೇಲೆ ‘ಹೊಟ್ಟೆ’ಯನ್ನು ಸಾಲಿನ ಮಧ್ಯಕ್ಕೆ ತಂದೆ: ‘ಮೂರು ಹಗಲು ಮೂರು ರಾತ್ರಿ ಮೀನ ಹೊಟ್ಟೆ ಒಳಗಡೆ.’ ಅಲ್ಲಿ ಹೇಗೆ ಉಚ್ಚರಿಸಿದರೂ ಏನೂ ಕೆಡುವುದಿಲ್ಲ. ಊರಿಗೆ-ದಾರಿಗೆ ಜೋಡಿಗೆ ಈ ಭಯವಿಲ್ಲ. ಊರಿಗಿ ಅನ್ನುವ ಬಾಯಿ ದಾರಿಗಿ ಅಂತಲೇ ಅನ್ನುತ್ತದೆ. ಅದಕ್ಕೇ ಬರೆದವರೇ ಓದಿ ಪರೀಕ್ಷಿಸಬಾರದು. ಆ ಊರಿನ, ಮೊದಲು ನೋಡಿರದ ಒಬ್ಬರ ಕೈಗೆ ಹಾಳೆ ಕೊಟ್ಟು, ಅವರು ಎಡವಿದ ಕಡೆಗೆಲ್ಲ ಗುರುತು ಹಾಕಿಕೊಳ್ಳಬೇಕು.

ಚಿತ್ರದವರ ಜೊತೆ ಕೂತಾಗ ಎರಡು ಮಾತು ಹೇಳಿದೆ. ಮೊದಲನೆಯದು, ತಿಮಿಂಗಿಲ ಬೇಡ. ಮೂಲದಲ್ಲಿರುವುದು ಬರೀ ‘ದೊಡ್ಡ ಮೀನು’. ನಮ್ಮ ಮಕ್ಕಳು ಸಮುದ್ರ ನೋಡಿಲ್ಲ, ಕಾರಂಜಾ ಡ್ಯಾಮ್ ನೋಡಿದ್ದಾರೆ, ಮೀನು ನೋಡಿದ್ದಾರೆ. ಆ ಮೀನೇ ಎರಡು ಪುಟ ತುಂಬುವಷ್ಟು ದೊಡ್ಡದಾಗಲಿ. ಎರಡನೆಯದು ದಿಕ್ಕು. ನಿನೆವೆ ಇದ್ದದ್ದು ಪೂರ್ವಕ್ಕೆ, ಇವತ್ತಿನ ಇರಾಕಿನ ಮೊಸೂಲ್ ಹತ್ತಿರ. ಯೋನ ಯೊಪ್ಪದಲ್ಲಿ ಹಡಗು ಹತ್ತಿ ತಾರ್ಷೀಷಿಗೆ, ಅಂದರೆ ಪಶ್ಚಿಮಕ್ಕೆ ಹೊರಟ. ಕನ್ನಡವನ್ನು ನಾವು ಎಡದಿಂದ ಬಲಕ್ಕೆ ಓದುತ್ತೇವೆ, ನಕ್ಷೆಯಲ್ಲಿ ಪೂರ್ವ ಬಲಕ್ಕಿರುತ್ತದೆ. ಹಾಗಾಗಿ ಓಡುವಾಗ ಯೋನನ ಮುಖ ಎಡಕ್ಕೆ, ಓದು ಸಾಗುವ ದಿಕ್ಕಿಗೆ ಎದುರಾಗಿ. ನಿನೆವೆಗೆ ನಡೆಯುವಾಗ ಬಲಕ್ಕೆ. ಓದಲು ಬಾರದ ಮಗುವಿಗೂ ಇವನು ತಪ್ಪು ಕಡೆ ಹೊರಟಿದ್ದಾನೆ ಅಂತ ಚಿತ್ರವೇ ಹೇಳುತ್ತದೆ.

ನಿನೆವೆಯ ಪುಟ ಬರೆಯುವಾಗ ನನಗೆ ಬಹಳ ಖುಷಿಯಾಯಿತು. ತಪ್ಪಿಗೆ ಮರುಗಿದ ಗುರುತಾಗಿ, ಅರಸನ ಅಪ್ಪಣೆಯಂತೆ ಅಲ್ಲಿ ಜನರ ಜೊತೆ ದನಕರುಗಳಿಗೂ ಗೋಣಿತಟ್ಟು ಹೊದಿಸಬೇಕು. ಇದನ್ನು ಬಿಟ್ಟರೆ ಕೊನೆಯ ಪ್ರಶ್ನೆ ಅರ್ಥವಾಗುವುದಿಲ್ಲ. ಯಾಕೆಂದರೆ ಆ ಪ್ರಶ್ನೆಯಲ್ಲಿ ದನಕರುಗಳೂ ಇವೆ. ನೆರಳು ಕೊಟ್ಟ ಬಳ್ಳಿ ಒಣಗಿತು ಅಂತ ಯೋನ ಸಿಟ್ಟಾದಾಗ ದೇವರು ಕೇಳುತ್ತಾನೆ: ಬಲಗೈ ಯಾವುದು, ಎಡಗೈ ಯಾವುದು ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿನ ಮೇಲೆ ನಾನು ಕನಿಕರ ಪಡಬಾರದೇ? ಎಡ-ಬಲ ಈಗಷ್ಟೇ ಕಲಿಯುತ್ತಿರುವ ಮಕ್ಕಳು ಈ ಮಾತಿಗೆ ತಮ್ಮ ಕೈ ನೋಡಿಕೊಂಡರು.

ಪುಸ್ತಕ ಮುಗಿಯುವುದೂ ಪ್ರಶ್ನೆಯಲ್ಲೇ. ಯೋನನ ಉತ್ತರ ಅಲ್ಲಿಲ್ಲ. ಕರಡಿನಲ್ಲಿ ‘ಯೋನ ನಕ್ಕು ಒಪ್ಪಿದ’ ಅಂತ ಬರೆದಿದ್ದೆ, ಅದನ್ನು ಹೊಡೆದುಹಾಕಿದೆ. ಕೊನೆಯ ಜೋಡಿ ಪುಟದಲ್ಲಿ ಒಂದೇ ಸಾಲು ಇಟ್ಟೆ:

ಹೇಳು ಯೋನ, ಹೇಳು ಯೋನ, ಹೇಗೆ ಬಿಡಲಿ ಅವರನು?

ಅಲ್ಲಿಯವರೆಗೆ ಒಂದು ಸಾಲಿಗೆ ಇನ್ನೊಂದು ಸಾಲು ಬಂದೇ ಬಂದಿದೆ, ಮಕ್ಕಳ ಕಿವಿ ಅದಕ್ಕೆ ಒಗ್ಗಿದೆ. ಇಲ್ಲಿ ಎರಡನೇ ಸಾಲಿನ ಜಾಗ ಖಾಲಿ. ಹೋದ ತಿಂಗಳು ಓದಿದಾಗ ಎಲ್ಲರೂ ಕಾದರು. ನಾನು ಸುಮ್ಮನಿದ್ದೆ. ಆಮೇಲೆ ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು, “ಮತ್ತ ಯೋನ ಏನಂದ ರೀ?” ಪಕ್ಕದ ಹುಡುಗ ಅವಳಿಗೆ ಉತ್ತರ ಹೇಳಲು ಶುರು ಮಾಡಿದ.