ಐದು ಸೀರಿಯಲ್ ನಂಬರ್ ಸಿಕ್ಕರೆ ಒಟ್ಟು ಎಷ್ಟಿವೆ ಎಂದು ಹೇಳಬಹುದೇ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಕೈಗೆ ಸಿಕ್ಕ ಕೆಲವೇ ಟ್ಯಾಂಕ್‌ಗಳ ನಂಬರ್ ನೋಡಿ ಜರ್ಮನಿ ಎಷ್ಟು ಟ್ಯಾಂಕ್ ಮಾಡುತ್ತಿದೆ ಎಂದು ಲೆಕ್ಕ ಹಾಕಿದರಂತೆ. ಕಂಡದ್ದರಲ್ಲಿ ದೊಡ್ಡ ನಂಬರ್ 246 ಅಂದರೆ ಕನಿಷ್ಠ 246 ಇವೆ ಎನ್ನಬಹುದು. ಅದಕ್ಕಿಂತ ಹೆಚ್ಚಿಗೆ ಹೇಳುವುದು ಹೇಗೆ?

ಉತ್ತರ: ಕಂಡ ನಂಬರ್‌ಗಳ ನಡುವಿನ ಖಾಲಿ ಜಾಗವೇ ಅದನ್ನು ಹೇಳುತ್ತದೆ. 1ರಿಂದ ಶುರುವಾಗಿ ಒಂದೂ ಬಿಡದೆ ನಂಬರ್ ಹಾಕಿದ್ದಾರೆ ಎಂದುಕೊಳ್ಳಿ. ನಮಗೆ ಸಿಕ್ಕದ್ದು 37, 112, 158, 203, 246. ಮೊದಲನೆಯದರ ಕೆಳಗೆ ನಾವು ಕಾಣದ ನಂಬರ್ 36. ಮುಂದಿನ ಸಂದುಗಳಲ್ಲಿ 74, 45, 44, 42. ಒಟ್ಟು 241, ಸಂದುಗಳು ಐದು, ಸರಾಸರಿ 48.2. ನಂಬರ್‌ಗಳು ಯಾದೃಚ್ಛಿಕವಾಗಿ ಸಿಕ್ಕಿದ್ದರೆ 246ರ ಮೇಲಿರುವ ಆರನೇ ಸಂದು ಉಳಿದ ಐದಕ್ಕಿಂತ ಬೇರೆಯಾಗಿರಲು ಕಾರಣವೇ ಇಲ್ಲ. ಅಲ್ಲಿಯೂ ಸುಮಾರು 48 ಇರಬೇಕು. ಅಲ್ಲಿಗೆ ಅಂದಾಜು 294.

ಸಂದುಗಳನ್ನು ಒಂದೊಂದಾಗಿ ಎಣಿಸಬೇಕಾಗಿಲ್ಲ. ದೊಡ್ಡ ನಂಬರ್ m, ಸಿಕ್ಕ ವಸ್ತುಗಳು k, ಒಟ್ಟಿನ ಅಂದಾಜು N ಆದರೆ ಸೂತ್ರ ಇಷ್ಟೇ:

```
N = m + m/k - 1
246 + 246/5 - 1 = 294.2
```

ಸರಾಸರಿಯನ್ನು ಎರಡರಿಂದ ಗುಣಿಸಿ ಒಂದು ಕಳೆದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಇಲ್ಲಿ ಅದು 301 ಕೊಡುತ್ತದೆ, ತಪ್ಪೇನೂ ಅನಿಸುವುದಿಲ್ಲ. ಆದರೆ ಸಿಕ್ಕದ್ದು 5, 12, 20, 31, 240 ಆಗಿದ್ದರೆ ಅದೇ ವಿಧಾನ 122 ಎನ್ನುತ್ತದೆ. 240ನೇ ವಸ್ತು ಕಣ್ಣೆದುರೇ ಇರುವಾಗ ಒಟ್ಟು 122 ಎನ್ನಲು ಮುಖ ಬೇಕಲ್ಲ!

294 ಎಂಬುದನ್ನು ಒಂದೇ ಅಂಕಿಯಾಗಿ ನಂಬಿ ಕೂರಬೇಡಿ. ಐದೇ ನಂಬರ್ ಇರುವಾಗ ಅಂದಾಜು ಐವತ್ತರಷ್ಟು ಅತ್ತಿತ್ತ ಆಗುವುದು ಮಾಮೂಲು. ಮೇಲಿನ ಮಿತಿ ಬೇಕಿದ್ದರೆ 20ರ k-ನೇ ಮೂಲದಿಂದ m ಅನ್ನು ಗುಣಿಸಿ. 20ರ ಐದನೇ ಮೂಲ 1.82, ಆದ್ದರಿಂದ ಮಿತಿ 448. ನೂರಕ್ಕೆ 95 ಸಲ ನಿಜ ಸಂಖ್ಯೆ ಹೀಗೆ ಹಾಕಿದ ಮಿತಿಯೊಳಗೇ ಬರುತ್ತದೆ. ಕೆಳಗಿನ ಮಿತಿಯಂತೂ 246, ಅದರಲ್ಲಿ ಅನುಮಾನವಿಲ್ಲ.

ಯುದ್ಧಕಾಲದಲ್ಲಿ ಕಷ್ಟವಿದ್ದದ್ದು ಈ ಸೂತ್ರದಲ್ಲಲ್ಲ, ಯಾವ ನಂಬರ್ ನಂಬಬೇಕು ಎಂಬುದರಲ್ಲಿ. ಟ್ಯಾಂಕ್‌ನ ಚಾಸಿಸ್ ಮೇಲೆ, ಎಂಜಿನ್ ಮೇಲೆ, ಗೇರ್‌ಬಾಕ್ಸ್ ಮೇಲೆ ಬೇರೆಬೇರೆ ನಂಬರ್ ಇರುತ್ತಿತ್ತು. ಚಾಸಿಸ್ ನಂಬರ್‌ಗಳ ಸಾಲು ಗೋಜಲು. ಗೇರ್‌ಬಾಕ್ಸ್ ನಂಬರ್‌ಗಳು ಮಾತ್ರ ಕಡಿಯದ ಸಾಲಿನಲ್ಲಿ ಓಡುತ್ತಿದ್ದವು, ಅದಕ್ಕೇ ಅವಕ್ಕೆ ಹೆಚ್ಚು ಬೆಲೆ. ಚಕ್ರ ಎರಕ ಹೊಯ್ದ ಅಚ್ಚಿನ ಗುರುತುಗಳನ್ನೂ ಬಿಡಲಿಲ್ಲ. ಎರಡೇ ಟ್ಯಾಂಕ್‌ಗಳ 64 ಚಕ್ರಗಳಿಂದ 1944ರ ಫೆಬ್ರವರಿಯ ಪ್ಯಾಂಥರ್ ಉತ್ಪಾದನೆ 270 ಎಂದು ಅಂದಾಜಿಸಿದರು. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಯಲ್ಲಿ ಸಿಕ್ಕದ್ದು 276. 1942ರ ಆಗಸ್ಟ್ ತಿಂಗಳ ಟ್ಯಾಂಕ್ ಉತ್ಪಾದನೆಗೆ ಗುಪ್ತಚರರು ಹೇಳಿದ್ದು 1550, ನಂಬರ್ ಲೆಕ್ಕ ಹೇಳಿದ್ದು 327, ದಾಖಲೆಯಲ್ಲಿದ್ದದ್ದು 342.

ನೀವೇ ಲೆಕ್ಕ ಹಾಕಲು ಹೊರಟರೆ ಎಡವುವುದು ಇಲ್ಲಿ: ಸಿಕ್ಕದ್ದು 231, 236, 240, 241, 246 ಎಂದಿಟ್ಟುಕೊಳ್ಳಿ. m ಅದೇ, k ಅದೇ, ಹಾಗಾಗಿ ಸೂತ್ರ ಮತ್ತೆ 294 ಎಂದೇ ಹೇಳುತ್ತದೆ. ಅದಕ್ಕೆ ದೊಡ್ಡ ನಂಬರ್ ಬಿಟ್ಟು ಬೇರೇನೂ ಕಾಣದು. ನಾವು ಸಂದುಗಳನ್ನು ನೋಡಬೇಕು: ಕೆಳಗೆ 230, ಉಳಿದವು 4, 3, 0, 4. ನಿಜಕ್ಕೂ 294 ಇದ್ದು ಯಾದೃಚ್ಛಿಕವಾಗಿ ಐದು ಸಿಕ್ಕಿದ್ದರೆ ಐದೂ 231 ಅಥವಾ ಅದಕ್ಕಿಂತ ಮೇಲೆಯೇ ಇರುವ ಸಾಧ್ಯತೆ ಎರಡು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಅಂದರೆ ಒಂದೋ ಎಲ್ಲವೂ ಒಂದೇ ಲಾಟ್‌ನಿಂದ ಬಂದಿವೆ, ಇಲ್ಲವೇ ನಂಬರ್ 1ರಿಂದ ಶುರುವಾಗಿಯೇ ಇಲ್ಲ. ಹಳೆಯ ಸಾಲನ್ನು ಮುಂದುವರಿಸುವುದು, 200ರಿಂದಲೋ 1001ರಿಂದಲೋ ಆರಂಭಿಸುವುದು ಎಲ್ಲ ಕಡೆ ಇರುವ ರೂಢಿ.

ಶುರುವಿನ ನಂಬರ್ ಗೊತ್ತಿಲ್ಲದಿದ್ದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದು, (k+1)/(k-1) ರಿಂದ ಗುಣಿಸಿ, ಒಂದು ಕಳೆಯಿರಿ. ಇಲ್ಲಿ 15ನ್ನು 6/4ರಿಂದ ಗುಣಿಸಿದರೆ 22.5, ಒಂದು ಕಳೆದರೆ 21.5. ಆ ಸಾಲಿನಲ್ಲಿ ಇರುವುದು ಸುಮಾರು 22 ವಸ್ತುಗಳು, 294 ಅಲ್ಲ. ಮೊದಲಿನ ಐದು ನಂಬರ್‌ಗಳಿಗೆ ಇದೇ ಲೆಕ್ಕ ಹಾಕಿದರೆ 312.5 ಬರುತ್ತದೆ, 294ಕ್ಕೆ ಹತ್ತಿರವೇ. ಎರಡೂ ಸೂತ್ರಗಳನ್ನು ಹಾಕಿ ನೋಡಿ. ಉತ್ತರಗಳು ಇಷ್ಟು ಹತ್ತಿರವಿದ್ದರೆ 1ರಿಂದ ಶುರು ಎಂಬ ಊಹೆಯನ್ನು ಇಟ್ಟುಕೊಳ್ಳಬಹುದು. 22ಕ್ಕೂ 294ಕ್ಕೂ ಇರುವಷ್ಟು ಅಂತರ ಬಂದರೆ, ಆ ವಸ್ತುಗಳು ಎಲ್ಲಿಂದ ಹೇಗೆ ಕೈಸೇರಿದವು ಎಂದು ವಿಚಾರಿಸುವವರೆಗೆ ಯಾವ ಅಂಕಿಯನ್ನೂ ಹೊರಗೆ ಹೇಳಬೇಡಿ.